ಕಿವಿಗೆ ಹತ್ತುವ ವಾಕ್ಯ ಬರೆಯುವುದು ಹೇಗೆ? ಒಂದು ಸುತ್ತೋಲೆಯನ್ನು ರೇಡಿಯೋ ಮಾತು ಮಾಡೋಣ ಬನ್ನಿ

ಸಮುದಾಯ ರೇಡಿಯೋಗೆ ಬರೆಯುವವರು, ಪಾಡ್‌ಕಾಸ್ಟ್ ಶುರು ಮಾಡಿದವರು, ಊರಿನ ಸಭೆಯಲ್ಲಿ ಮೈಕ್ ಹಿಡಿದು ಪ್ರಕಟಣೆ ಓದುವವರು ನನ್ನನ್ನು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. 'ಬರೆದದ್ದು ಓದೋಕೆ ಚೆನ್ನಾಗಿದೆ. ತಪ್ಪೂ ಇಲ್ಲ. ಆದರೆ ಗಟ್ಟಿಯಾಗಿ ಓದಿ ಹೇಳಿದರೆ ಕೇಳಿದವರಿಗೆ ಏನೂ ಹತ್ತೋದಿಲ್ಲ. ಯಾಕೆ?'

ಕಾರಣ ಕನ್ನಡ ವಾಕ್ಯದ ಕಟ್ಟಡದಲ್ಲೇ ಇದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ವಸ್ತುವಿನ ವಿವರಣೆ ಬರುವುದು ವಸ್ತುವಿನ ಹೆಸರಿಗಿಂತ ಮೊದಲು. ಹೀಗಾಗಿ ಉದ್ದ ವಾಕ್ಯ ಕೇಳುವವರು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು, ಕೊನೆಯ ಪದ ಬರುವ ತನಕ ಕಾಯಬೇಕು. ಕಾಗದದ ಮೇಲೆ ಇದು ಕಷ್ಟ ಅನಿಸುವುದಿಲ್ಲ, ಕಣ್ಣು ಸರ್ರನೆ ಹಿಂದಕ್ಕೆ ಹೋಗಿ ಬರುತ್ತದೆ. ಕೇಳುವವರಿಗೆ ಆ ಸೌಕರ್ಯ ಇಲ್ಲ. ಅವರ ಕೈ ಪಾತ್ರೆ ತೊಳೆಯುತ್ತಿರುತ್ತದೆ, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುತ್ತದೆ.

ಈ ಲೇಖನದಲ್ಲಿ ಒಂದೇ ಒಂದು ವಾಕ್ಯ ತೆಗೆದುಕೊಂಡು, ಅದನ್ನು ಕಿವಿಯ ಮಾತಾಗಿ ಮಾಡುವ ತನಕ ಹಂತ ಹಂತವಾಗಿ ಹೋಗೋಣ. ಸುತ್ತೋಲೆಗಳ ಧಾಟಿಯಲ್ಲಿ ನಾನೇ ಬರೆದ ವಾಕ್ಯ ಇದು. ಇಂಥವನ್ನು ನೀವು ಎಷ್ಟೋ ನೋಡಿರುತ್ತೀರಿ:

'ಅತಿಸಾರದಿಂದ ಬಳಲುತ್ತಿರುವ ಐದು ವರ್ಷದೊಳಗಿನ ಮಕ್ಕಳಿಗೆ ಅಂಗನವಾಡಿ ಕೇಂದ್ರಗಳಲ್ಲಿ ಉಚಿತವಾಗಿ ವಿತರಿಸಲಾಗುತ್ತಿರುವ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ತಯಾರಿಸಿದ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ್ಗೆ ಕುಡಿಸತಕ್ಕದ್ದು ಹಾಗೂ ತಯಾರಿಸಿದ ಇಪ್ಪತ್ನಾಲ್ಕು ಗಂಟೆಗಳ ನಂತರ ಅದನ್ನು ಬಳಸಬಾರದು ಎಂದು ವೈದ್ಯಾಧಿಕಾರಿಗಳು ತಿಳಿಸಿರುತ್ತಾರೆ.'

ವ್ಯಾಕರಣದ ತಪ್ಪು ಒಂದೂ ಇಲ್ಲ. ಹೇಳಬೇಕಾದದ್ದೆಲ್ಲ ಇದೆ. ಆದರೆ ಮಗುವಿಗೆ ಭೇದಿಯಾಗಿ ಗಾಬರಿಯಲ್ಲಿರುವ ತಾಯಿ ಇದನ್ನು ರೇಡಿಯೋದಲ್ಲಿ ಕೇಳಿದರೆ ಅವಳ ಕೈಗೆ ಏನೂ ಸಿಗುವುದಿಲ್ಲ.

ಬೇಕಾಗುವ ಸಾಮಾನು ಕಮ್ಮಿ. ಒಂದು ಪೆನ್ಸಿಲ್, ಧ್ವನಿ ಮುದ್ರಿಸುವ ಮೊಬೈಲ್, ಸೆಕೆಂಡ್ ಮುಳ್ಳಿರುವ ಗಡಿಯಾರ. ಜೊತೆಗೆ ನೀವು ಬರೆದದ್ದನ್ನು ಮೊದಲು ಓದಿಲ್ಲದ ಒಬ್ಬ ಮನುಷ್ಯ. ಈ ಕೊನೆಯದನ್ನು ಬಿಟ್ಟು ಕೆಲಸ ಮುಗಿಸಲು ಹೋಗಬೇಡಿ.

1. ಗಟ್ಟಿಯಾಗಿ ಓದಿ, ಉಸಿರು ಮುಗಿದ ಕಡೆ ಗೆರೆ ಹಾಕಿ

ಮನಸ್ಸಿನಲ್ಲಿ ಓದಿದರೆ ಸಾಲದು. ಬಾಯಿ ಬಿಟ್ಟು, ಎದುರಿಗಿರುವವರಿಗೆ ಹೇಳುವಷ್ಟು ಗಟ್ಟಿಯಾಗಿ ಓದಿ. ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ಅಡ್ಡ ಗೆರೆ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಒಂದು ಸುತ್ತು.

ಮೇಲಿನ ವಾಕ್ಯದಲ್ಲಿ ನನ್ನ ಉಸಿರು 'ವಿತರಿಸಲಾಗುತ್ತಿರುವ' ಹತ್ತಿರ ಒಮ್ಮೆ ಮುಗಿಯುತ್ತದೆ. ಅದು ನಿಲ್ಲಬಾರದ ಜಾಗ. ಏನನ್ನು ವಿತರಿಸುತ್ತಿದ್ದಾರೆ ಅನ್ನುವುದು ಇನ್ನೂ ಬಂದೇ ಇಲ್ಲ. ನೀವು ಉಸಿರು ತೆಗೆದುಕೊಳ್ಳುವ ಜಾಗ ಮತ್ತು ಅರ್ಥ ಮುಗಿಯುವ ಜಾಗ ಬೇರೆ ಬೇರೆ ಆಗಿದ್ದರೆ ಆ ವಾಕ್ಯವನ್ನು ಒಡೆಯಲೇಬೇಕು.

ಹೀಗೆ ಓದುವಾಗಲೇ ನಿಮ್ಮ ವೇಗವನ್ನೂ ಅಳೆದುಕೊಳ್ಳಿ. ಒಂದು ನಿಮಿಷ ಓದಿ, ಎಷ್ಟು ಪದ ಆಯಿತು ಎಣಿಸಿ. ನಾನು ಸಮಾಧಾನವಾಗಿ ಓದಿದರೆ ಸುಮಾರು 90 ಪದ ಆಗುತ್ತದೆ. ನಿಮ್ಮದು ಬೇರೆ ಇರಬಹುದು. ಇಂಗ್ಲಿಷ್ ಪುಸ್ತಕಗಳಲ್ಲಿ ಕೊಟ್ಟಿರುವ ಲೆಕ್ಕವನ್ನು ಇಲ್ಲಿಗೆ ತರಬೇಡಿ. 'ವಿತರಿಸಲಾಗುತ್ತಿರುವ' ಅನ್ನುವುದು ನಮಗೆ ಒಂದು ಪದ, ಅವರಿಗೆ ಮೂರು ನಾಲ್ಕು ಪದ.

2. ಹೆಸರಿನ ಮುಂದೆ ನಿಂತ ಸಾಲನ್ನು ಒಡೆಯಿರಿ

ಮುಖ್ಯ ಕೆಲಸ ಇರುವುದು ಇಲ್ಲಿ. ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ.

'ಬಳಲುತ್ತಿರುವ', 'ಆರಿಸಿದ', 'ತಯಾರಿಸಿದ' ಇಂಥ ಪದಗಳಿಗೆ ವ್ಯಾಕರಣದಲ್ಲಿ ಕೃದಂತ ಅನ್ನುತ್ತಾರೆ. ಅಂದರೆ ಕ್ರಿಯೆಯಿಂದ ಹುಟ್ಟಿ, ಮುಂದೆ ಬರುವ ಹೆಸರನ್ನು ವಿವರಿಸುವ ಪದ. ಬರೆಯುವಾಗ ಇವು ತುಂಬಾ ಅನುಕೂಲ. ಒಂದರ ಹಿಂದೆ ಒಂದು ಜೋಡಿಸುತ್ತಾ ಹೋಗಬಹುದು, ವಾಕ್ಯ ಮುಗಿಸುವ ಗೋಜೇ ಇಲ್ಲ. ಕೇಳುವವರಿಗೆ ಅದೇ ಭಾರ.

ಎಣಿಸಿ ನೋಡಿ. ನಮ್ಮ ವಾಕ್ಯದಲ್ಲಿ 'ಮಕ್ಕಳಿಗೆ' ಅನ್ನುವುದು ಐದನೇ ಪದ. ಮಕ್ಕಳಿಗೆ ಏನು ಮಾಡಬೇಕು? 'ಕುಡಿಸತಕ್ಕದ್ದು'. ಅದು 24ನೇ ಪದ. ನಡುವೆ 18 ಪದ ಇದೆ. ಅಷ್ಟೂ ಹೊತ್ತು ಕೇಳುವವರು 'ಮಕ್ಕಳಿಗೆ' ಅನ್ನುವುದನ್ನು ಬಿಡದೆ ಹಿಡಿದುಕೊಂಡಿರಬೇಕು. ಅದರ ಮಧ್ಯೆ ಪೊಟ್ಟಣ ಬಂತು, ನೀರು ಬಂತು, ದ್ರಾವಣ ಬಂತು. ಪ್ರತಿಯೊಂದರ ಮುಂದೂ ಅದರದ್ದೇ ಒಂದು ಸಾಲು. ಹಿಡಿದದ್ದು ಕೈಜಾರದೆ ಇರುತ್ತದಾ?

ಮಾಡಬೇಕಾದದ್ದು ಇಷ್ಟು. ಪೆನ್ಸಿಲ್ ತೆಗೆದುಕೊಂಡು ಪ್ರತಿ ಕೃದಂತಕ್ಕೂ ಅಡಿಗೆರೆ ಹಾಕಿ. ಆಮೇಲೆ ಒಂದೊಂದಕ್ಕೂ ಸ್ವಂತ ವಾಕ್ಯ, ಸ್ವಂತ ಕ್ರಿಯಾಪದ ಕೊಡಿ.

ಬಳಲುತ್ತಿರುವ: ಮಗುವಿಗೆ ಭೇದಿ ಆಗುತ್ತಿದೆ.
ವಿತರಿಸಲಾಗುತ್ತಿರುವ: ಅಂಗನವಾಡಿಯಲ್ಲಿ ಪುಡಿ ಕೊಡುತ್ತಾರೆ. ದುಡ್ಡಿಲ್ಲ.
ಕುದಿಸಿ ಆರಿಸಿದ: ನೀರು ಕುದಿಸಿ. ತಣ್ಣಗೆ ಆಗಲು ಬಿಡಿ.
ಕರಗಿಸಿ ತಯಾರಿಸಿದ: ನೀರಿಗೆ ಪುಡಿ ಹಾಕಿ. ಕರಗುವ ತನಕ ಕಲಕಿ.

ಹೀಗೆ ಒಡೆದಾಗ 'ವಿತರಿಸಲಾಗುತ್ತಿರುವ' ಹೋಗಿ 'ಕೊಡುತ್ತಾರೆ' ಬಂತು, ಗಮನಿಸಿದಿರಾ? 'ಲಾಗು' ಸೇರಿದ ಕ್ರಿಯೆಯಲ್ಲಿ ಮಾಡುವವರು ಯಾರು ಅಂತ ಕಾಣಿಸುವುದಿಲ್ಲ. ಕಿವಿ ಮೊದಲು ಹುಡುಕುವುದೇ ಆ ಮನುಷ್ಯನನ್ನು.

ಇಲ್ಲಿ ಎರಡು ಹಳ್ಳಗಳಿವೆ. ಮೊದಲನೆಯದು 'ಕುದಿಸಿ' ಅನ್ನುವ ಪದದ್ದೇ. 'ಕುದಿಸಿ' ಅಂದರೆ 'ಕುದಿಸಿರಿ' ಅನ್ನುವ ವಿನಂತಿಯೂ ಹೌದು, 'ಕುದಿಸಿದ ಮೇಲೆ' ಅನ್ನುವ ಅರ್ಥವೂ ಹೌದು. 'ನೀರು ಕುದಿಸಿ ಪುಡಿ ಹಾಕಿ ಕಲಕಿ ಕುಡಿಸಿ' ಅಂತ ಒಂದೇ ಉಸಿರಿಗೆ ಹೇಳಿದರೆ ನಾಲ್ಕು ಕೆಲಸ ಕೇಳಿಸುತ್ತದೆ, ಆದರೆ ಕುದಿಯುತ್ತಿರುವಾಗಲೇ ಪುಡಿ ಹಾಕಬೇಕಾ, ತಣ್ಣಗಾದ ಮೇಲಾ ಅನ್ನುವುದು ಗೊತ್ತಾಗುವುದಿಲ್ಲ. ಪುಡಿ ಬೆರೆಸಿದ ಮೇಲೆ ಕುದಿಸಬಾರದು. ಹಾಗಾಗಿ ಈ ಗೊಂದಲವನ್ನು ಹಾಗೇ ಬಿಡುವಂತಿಲ್ಲ. ಒಂದು ಕೆಲಸ, ಒಂದು ವಾಕ್ಯ, ನಡುವೆ ಒಂದು ನಿಲುಗಡೆ.

ಎರಡನೆಯದು 'ಆರಿಸಿದ'. ಕಣ್ಣಿಗೆ ಇದು ಸರಿ. ಕಿವಿಗೆ ಮೂರು ಅರ್ಥ: ತಣ್ಣಗೆ ಮಾಡಿದ, ಆಯ್ಕೆ ಮಾಡಿದ, ದೀಪವನ್ನು ಆರಿಸಿದ. ಸಂದರ್ಭ ನೋಡಿ ತಿಳಿದುಕೊಳ್ಳಬಹುದು, ನಿಜ. ಆದರೆ ಆ ಅರೆಕ್ಷಣ ಕೇಳುವವರು ಹಿಂದೆ ಉಳಿಯುತ್ತಾರೆ, ಅಷ್ಟರಲ್ಲಿ ನಿಮ್ಮ ಮುಂದಿನ ಪದ ಹೋಗಿರುತ್ತದೆ. 'ತಣ್ಣಗೆ' ಅಂದರೆ ಒಂದೇ ಅರ್ಥ.

3. 'ಬೇಡ' ಅನ್ನುವುದನ್ನು ಕೊನೆಗೆ ಉಳಿಸಬೇಡಿ

ಕನ್ನಡದಲ್ಲಿ ಇಲ್ಲ, ಬೇಡ, ಬಾರದು ಎಲ್ಲವೂ ವಾಕ್ಯದ ತುದಿಯಲ್ಲಿ ಬರುತ್ತವೆ. ಈ ವಾಕ್ಯ ನೋಡಿ: 'ಓಆರ್‌ಎಸ್ ನೀರಿಗೆ ಹಾಲು, ಹಣ್ಣಿನ ರಸ, ಸಕ್ಕರೆ ಅಥವಾ ತಂಪು ಪಾನೀಯ ಬೆರೆಸಬಾರದು.' ಕೊನೆಯ ಪದ ಬರುವ ಹೊತ್ತಿಗೆ ಕುಕ್ಕರ್ ಕೂಗಿತು ಅಂದುಕೊಳ್ಳಿ. ಏನು ಕೇಳಿಸಿತು? 'ಓಆರ್‌ಎಸ್ ನೀರಿಗೆ ಹಾಲು, ಹಣ್ಣಿನ ರಸ, ಸಕ್ಕರೆ…' ಅದು ಒಳ್ಳೆಯ ಸಲಹೆಯ ಹಾಗೇ ಕೇಳಿಸುತ್ತದೆ! ನೀವು ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಇದಕ್ಕೆ ಪರಿಹಾರ ನಮ್ಮ ಭಾಷೆಯಲ್ಲಿ ಬಹಳ ಹಳೆಯದು. 'ಕಳಬೇಡ, ಕೊಲಬೇಡ' ಅಂತ ಶುರುವಾಗುವ ಬಸವಣ್ಣನವರ ವಚನ ಎಲ್ಲರಿಗೂ ಬಾಯಿಪಾಠ. ಅಲ್ಲಿ ಪ್ರತಿ ಮಾತಿಗೂ ಅದರದ್ದೇ 'ಬೇಡ' ಅಂಟಿಕೊಂಡಿದೆ. ಒಂದು ಕೇಳಿಸದೆ ಹೋದರೂ ಮಿಕ್ಕವು ಉಲ್ಟಾ ಆಗುವುದಿಲ್ಲ. ಹಾಗೇ ಮಾಡಿ:

ಈ ನೀರಿಗೆ ಬೇರೆ ಏನೂ ಬೇಡ. ಹಾಲು ಬೇಡ. ಜ್ಯೂಸ್ ಬೇಡ. ಸಕ್ಕರೆ ಬೇಡ.

ಕಾಗದದ ಮೇಲೆ ನಾಲ್ಕು ಸಲ 'ಬೇಡ' ಬಂದರೆ ಮೇಷ್ಟ್ರು ಕೆಂಪು ಗೆರೆ ಎಳೆದಾರು. ಇಲ್ಲಿ ಆ ನಾಲ್ಕೂ ಬೇಕು.

'ಎಂದು' ಅನ್ನುವುದಕ್ಕೂ ಇದೇ ಮಾತು. ನಮ್ಮ ಸುತ್ತೋಲೆಯಲ್ಲಿ ಹೇಳಿದವರು ವೈದ್ಯರು ಅನ್ನುವುದು ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕೇಳುಗರು ಅದನ್ನು ಮೈಕಿನಲ್ಲಿ ಓದುತ್ತಿರುವವರ ಸ್ವಂತ ಮಾತು ಅಂದುಕೊಂಡಿರುತ್ತಾರೆ. ಯಾರು ಹೇಳಿದರು ಅನ್ನುವುದನ್ನು ಮುಂದಕ್ಕೆ ತನ್ನಿ: 'ಡಾಕ್ಟರು ಹೇಳುವುದು ಹೀಗೆ.' ನಿಲ್ಲಿಸಿ. ಆಮೇಲೆ ಅವರ ಮಾತು. ಕಾರಣ ಹೇಳುವಾಗಲೂ ಅಷ್ಟೇ. 'ನೀರಿನಂಶ ಕಡಿಮೆಯಾಗುವುದರಿಂದ ಓಆರ್‌ಎಸ್ ಕೊಡಬೇಕು' ಅನ್ನುವುದಕ್ಕಿಂತ 'ಓಆರ್‌ಎಸ್ ಕೊಡಿ. ಯಾಕೆಂದರೆ ಭೇದಿಯಲ್ಲಿ ಮೈಯ ನೀರೆಲ್ಲ ಹೋಗಿರುತ್ತದೆ' ಅನ್ನುವುದು ಲೇಸು. ಎದುರಿಗೆ ಕೂತು ಮಾತಾಡುವಾಗ ನಾವೆಲ್ಲ ಹೀಗೇ ಹೇಳುವುದು, ಅಲ್ವಾ?

4. ಹೇಳಿದ ಪದವನ್ನೇ ಮತ್ತೆ ಹೇಳಿ

ಅಜ್ಜಿ ಕಥೆ ಹೇಳುವ ರೀತಿ ನೆನಪು ಮಾಡಿಕೊಳ್ಳಿ. ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡತಿಯರು. ಇಬ್ಬರಲ್ಲಿ ದೊಡ್ಡವಳಿಗೆ ಒಬ್ಬ ಮಗ. ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಕೊನೆ ಹಿಡಿದುಕೊಂಡು ಮುಂದೆ ಹೋಗುತ್ತದೆ. ಸರಪಳಿಯ ಒಂದು ಕೊಂಡಿ ಇನ್ನೊಂದನ್ನು ಹಿಡಿದ ಹಾಗೆ. ಮಗು ಅರ್ಧ ನಿದ್ದೆಯಲ್ಲಿದ್ದರೂ ಕಥೆಯ ದಾರಿ ತಪ್ಪುವುದಿಲ್ಲ.

ನಮ್ಮ ಮಾತಿಗೂ ಅದೇ ಸರಪಳಿ ಹಾಕೋಣ:

ಮೊದಲು ಒಂದು ಲೀಟರ್ ನೀರು ಕುದಿಸಿ. ಕುದಿಸಿದ ನೀರು ತಣ್ಣಗೆ ಆಗಲಿ. ತಣ್ಣಗಾದ ನೀರಿಗೆ ಪುಡಿ ಹಾಕಿ.

ಇಲ್ಲಿ 'ಕುದಿಸಿದ', 'ತಣ್ಣಗಾದ' ಎರಡೂ ಕೃದಂತವೇ. ಎರಡನೇ ಹಂತದಲ್ಲಿ ಒಡೆಯಿರಿ ಅಂದವನು ಈಗ ನಾನೇ ತಂದು ಹಾಕಿದ್ದೇನೆ. ಯಾಕೆ ಭಾರ ಅನಿಸುವುದಿಲ್ಲ? ಯಾಕೆಂದರೆ ಇವು ಹೊಸ ವಿಷಯ ಹೇಳುತ್ತಿಲ್ಲ. ಕುದಿಸುವ ಮಾತು ಈಗಷ್ಟೇ ಕೇಳಿ ಆಗಿದೆ. ನನಗೆ ಈ ಭೇದ ತಿಳಿಯಲು ವರ್ಷಗಳೇ ಬೇಕಾದವು, ಹಾಗಾಗಿ ಒತ್ತಿ ಹೇಳುತ್ತೇನೆ: ಹೊಸ ವಿಷಯಕ್ಕೆ ಸ್ವಂತ ಕ್ರಿಯಾಪದ ಬೇಕು. ಆಗಲೇ ಹೇಳಿದ ವಿಷಯ ಹೆಸರಿನ ಮುಂದೆ ಕೃದಂತವಾಗಿ ಕೂರಬಹುದು, ಒಂದೇ ಒಂದು. ಎರಡು ಬಂದರೆ ಮತ್ತೆ ಭಾರ.

ಇನ್ನು 'ಅದನ್ನು', 'ಅವು', 'ಇದು'. 'ಪುಡಿಯನ್ನು ನೀರಿಗೆ ಹಾಕಿ, ಅದನ್ನು ಮುಚ್ಚಿಡಿ.' ಯಾವುದನ್ನು? ಪುಡಿಯ ಪ್ಯಾಕೆಟ್ಟನ್ನಾ, ನೀರಿನ ಪಾತ್ರೆಯನ್ನಾ? ಸಂಶಯ ಬರುವ ಕಡೆಯಲ್ಲೆಲ್ಲ ಸರ್ವನಾಮ ತೆಗೆದು ಹೆಸರನ್ನೇ ಹಾಕಿ. 'ಸದರಿ', 'ಮೇಲ್ಕಂಡ', 'ಈ ಕೆಳಗಿನ' ಇವನ್ನಂತೂ ಕಣ್ಣು ಮುಚ್ಚಿ ತೆಗೆಯಿರಿ. ಕಿವಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ.

ಶಾಲೆಯಲ್ಲಿ ಕಲಿತ ಒಂದು ಅಭ್ಯಾಸ ಇಲ್ಲಿ ತುಂಬಾ ಕಾಡುತ್ತದೆ. ಒಂದೇ ಪದ ಎರಡು ಸಲ ಬರಬಾರದು ಅಂತ ಹೇಳಿಕೊಟ್ಟಿದ್ದಾರೆ. ಅದಕ್ಕೇ ಮೊದಲ ಸಲ 'ಪೊಟ್ಟಣ' ಅಂತೀವಿ, ಆಮೇಲೆ 'ಪ್ಯಾಕೆಟ್', ಆಮೇಲೆ 'ಪುಡಿ', 'ದ್ರಾವಣ', 'ಮಿಶ್ರಣ'. ಕೇಳುವವರು ಇವು ಐದು ಬೇರೆ ಬೇರೆ ವಸ್ತು ಅಂದುಕೊಳ್ಳುತ್ತಾರೆ. ಬರೆಯಲು ಕೂರುವ ಮೊದಲೇ ಒಂದು ವಸ್ತುವಿಗೆ ಒಂದೇ ಹೆಸರು ಅಂತ ನಿಶ್ಚಯ ಮಾಡಿಕೊಳ್ಳಿ. ನಾನು ಬೆರೆಸುವ ಮುಂಚೆ 'ಪುಡಿ' ಅಂತ, ಬೆರೆಸಿದ ಮೇಲೆ 'ಓಆರ್‌ಎಸ್ ನೀರು' ಅಂತ ಇಟ್ಟುಕೊಂಡೆ. ಪಾತ್ರೆಯ ಹೆಸರು ಊರಿಂದ ಊರಿಗೆ ಬದಲಾಗುತ್ತದೆ. ಧಾರವಾಡದ ಕಡೆ ಚರಗಿ, ಮೈಸೂರಿನ ಕಡೆ ಚೆಂಬು. ನಿಮ್ಮ ಕೇಳುಗರು ಯಾವ ಕಡೆಯವರೋ ಆ ಪದ ಹಾಕಿ. ಎಲ್ಲ ಕಡೆಗೂ ಹೋಗುವ ಮಾತಾದರೆ ಸುಮ್ನೆ 'ಪಾತ್ರೆ' ಅನ್ನಿ.

ಹಾಗಂತ ಎಲ್ಲವನ್ನೂ ಮತ್ತೆ ಮತ್ತೆ ಹೇಳಲು ಹೋಗಬೇಡಿ. ಯಾವುದನ್ನು ತಪ್ಪಿದರೆ ನಷ್ಟವೋ ಅದನ್ನು ಮಾತ್ರ ಹೇಳಿ. ಓಆರ್‌ಎಸ್ ವಿಷಯದಲ್ಲಿ ಅದು ನೀರಿನ ಅಳತೆ. ನೀರು ಕಮ್ಮಿಯಾದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ, ನೀರು ಜಾಸ್ತಿಯಾದರೆ ಪುಡಿ ಕೆಲಸ ಮಾಡುವುದಿಲ್ಲ. ಅದಕ್ಕೇ 'ಒಂದು ಲೀಟರ್' ಅನ್ನುವುದು ನಮ್ಮ ಮಾತಿನಲ್ಲಿ ಮೂರು ಸಲ ಬರಲಿ. ಅಂಗನವಾಡಿ ಒಂದೇ ಸಲ ಸಾಕು.

ನಡುವೆ ರೇಡಿಯೋ ಹಚ್ಚಿದವರೂ ಇರುತ್ತಾರೆ. ಅವರಿಗೆ ಶುರುವಿನ ಮಾತು ಸಿಕ್ಕಿರುವುದಿಲ್ಲ. ಅರ್ಧ ನಿಮಿಷಕ್ಕೆ ಒಮ್ಮೆಯಾದರೂ ವಿಷಯದ ಹೆಸರು ಬರುವ ಹಾಗೆ ನೋಡಿಕೊಳ್ಳಿ.

5. ಕಣ್ಣಿಗೆ ಮಾತ್ರ ಕಾಣುವ ಗುರುತುಗಳನ್ನು ತೆಗೆಯಿರಿ

ಆವರಣ, ಉದ್ಧರಣ ಚಿಹ್ನೆ, ನಡುಗೆರೆ ಇವು ಯಾವುವೂ ಕೇಳಿಸುವುದಿಲ್ಲ. ಆವರಣದೊಳಗಿನ ಮಾತು ಬೇಕಾದರೆ ಅದಕ್ಕೊಂದು ವಾಕ್ಯ ಕೊಡಿ, ಬೇಡವಾದರೆ ಬಿಡಿ.

ಅದಕ್ಕಿಂತ ಕಷ್ಟದ್ದು 'ಕ್ರಮವಾಗಿ'. 'ಎರಡು ವರ್ಷದೊಳಗಿನ ಹಾಗೂ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಪ್ರತಿ ಭೇದಿಯ ನಂತರ ಕ್ರಮವಾಗಿ 50–100 ಮತ್ತು 100–200 ಮಿಲಿ ಲೀಟರ್ ಕೊಡುವುದು.' ಕಾಗದದಲ್ಲಿ ಬೆರಳಿಟ್ಟು ಯಾವುದಕ್ಕೆ ಯಾವುದು ಅಂತ ಹೊಂದಿಸಬಹುದು. ಕಿವಿಯಲ್ಲಿ ಬೆರಳಿಡಲು ಜಾಗ ಇಲ್ಲ. ಜೋಡಿಗಳನ್ನು ಬಿಡಿಸಿ, ಅಳತೆಯನ್ನು ಮನೆಯ ಸಾಮಾನಿಗೆ ಹೊಂದಿಸಿ: 'ಎರಡು ವರ್ಷ ಆಗಿಲ್ಲದ ಮಗುವಾ? ಕಾಲು ಲೋಟದಿಂದ ಅರ್ಧ ಲೋಟ. ಎರಡು ವರ್ಷ ದಾಟಿದೆಯಾ? ಅರ್ಧ ಲೋಟದಿಂದ ಒಂದು ಲೋಟ.' ಇಲ್ಲಿ ಲೋಟ ಅಂದರೆ 200 ಮಿಲಿ ಲೀಟರ್ ಹಿಡಿಯುವಂಥದ್ದು.

ಸಂಖ್ಯೆಗಳಲ್ಲಿ ಕನ್ನಡದ್ದೇ ಒಂದು ತೊಂದರೆ ಇದೆ. ಒಂಬತ್ತು, ಎಂಬತ್ತು, ತೊಂಬತ್ತು. ಸದ್ದಿನ ಮಧ್ಯೆ ಈ ಮೂರೂ ಒಂದೇ ಥರ. ಮೂರು, ನೂರು, ಆರು ಕೂಡ ಹಾಗೇ. ಇಂಥ ಸಂಖ್ಯೆ ಬಂದರೆ ಪಕ್ಕದಲ್ಲೇ ಒಂದು ಆಸರೆ ಕೊಡಿ: 'ಎಂಬತ್ತು ರೂಪಾಯಿ, ನೂರಕ್ಕೆ ಇಪ್ಪತ್ತು ಕಮ್ಮಿ.' ಓದುವ ಪ್ರತಿಯಲ್ಲಿ ಸಂಖ್ಯೆಗಳನ್ನು ಅಕ್ಷರದಲ್ಲೇ ಬರೆಯಿರಿ. ಓದುವಾಗ ತಡವರಿಸುವುದು ತಪ್ಪುತ್ತದೆ.

ಅವಧಿಯನ್ನೂ ದಿನದ ಹೊತ್ತಿಗೆ ಕಟ್ಟಿದರೆ ನೆನಪಿರುತ್ತದೆ. '24 ಗಂಟೆಗಳ ನಂತರ ಬಳಸಬಾರದು' ಅನ್ನುವುದು 'ಇವತ್ತು ಬೆಳಗ್ಗೆ ಬೆರೆಸಿದ ನೀರನ್ನು ನಾಳೆ ಬೆಳಗ್ಗೆ ಚೆಲ್ಲಿಬಿಡಿ' ಅಂತಾಗುತ್ತದೆ.

6. ಜೋಡಿಸಿ, ಉಸಿರಿಗೆ ಒಂದು ಸಾಲಿನಂತೆ ಬರೆಯಿರಿ

ಈಗ ಎಲ್ಲ ತುಂಡುಗಳನ್ನು ಸೇರಿಸೋಣ. ಪ್ರತಿ ಉಸಿರಿಗೂ ಹೊಸ ಸಾಲು. ಒಂದು ವಾಕ್ಯ ಅರ್ಧ ಈ ಹಾಳೆಯಲ್ಲಿ, ಅರ್ಧ ಮುಂದಿನ ಹಾಳೆಯಲ್ಲಿ ಆಗದಂತೆ ನೋಡಿಕೊಳ್ಳಿ. ಅಕ್ಷರ ದೊಡ್ಡದಿರಲಿ.

ಮಗುವಿಗೆ ಭೇದಿ ಆಗುತ್ತಿದೆಯಾ?
ಹಾಗಾದರೆ ಓಆರ್‌ಎಸ್ ನೀರು ಕೊಡಿ.
ಯಾಕೆಂದರೆ ಭೇದಿಯಲ್ಲಿ ಮೈಯ ನೀರೆಲ್ಲ ಹೋಗುತ್ತದೆ.
ಹೋದ ನೀರನ್ನು ಓಆರ್‌ಎಸ್ ನೀರು ತುಂಬಿಸುತ್ತದೆ.

ಇದಕ್ಕೆ ಓಆರ್‌ಎಸ್ ಪುಡಿ ಬೇಕು.
ಪುಡಿ ಅಂಗನವಾಡಿಯಲ್ಲಿ ಸಿಗುತ್ತದೆ. ದುಡ್ಡಿಲ್ಲ.

ಮೊದಲು ಒಂದು ಲೀಟರ್ ನೀರು ಕುದಿಸಿ.
ಕುದಿಸಿದ ನೀರು ತಣ್ಣಗೆ ಆಗಲಿ.
ತಣ್ಣಗಾದ ನೀರಿಗೆ ಪುಡಿ ಹಾಕಿ.
ನೀರು ಎಷ್ಟು? ಒಂದು ಲೀಟರ್.
ಕಮ್ಮಿ ಬೇಡ. ಜಾಸ್ತಿಯೂ ಬೇಡ. ಒಂದು ಲೀಟರ್.
ಪುಡಿ ಕರಗುವ ತನಕ ಕಲಕಿ.

ಈ ನೀರಿಗೆ ಬೇರೆ ಏನೂ ಬೇಡ.
ಹಾಲು ಬೇಡ. ಜ್ಯೂಸ್ ಬೇಡ. ಸಕ್ಕರೆ ಬೇಡ.

ಓಆರ್‌ಎಸ್ ನೀರನ್ನು ಮಗುವಿಗೆ ಗುಟುಕು ಗುಟುಕಾಗಿ ಕುಡಿಸಿ.
ವಾಂತಿ ಆಯಿತಾ? ಹತ್ತು ನಿಮಿಷ ಬಿಡಿ.
ಆಮೇಲೆ ಮತ್ತೆ ಕುಡಿಸಿ. ಇನ್ನೂ ನಿಧಾನವಾಗಿ.

ಇವತ್ತು ಬೆಳಗ್ಗೆ ಬೆರೆಸಿದ ನೀರನ್ನು
ನಾಳೆ ಬೆಳಗ್ಗೆ ಚೆಲ್ಲಿಬಿಡಿ. ಹೊಸದು ಬೆರೆಸಿ.

ಮಗು ಏನೂ ಕುಡಿಯುತ್ತಿಲ್ಲವಾ? ಕಣ್ಣು ಗುಳಿ ಬಿದ್ದಿದೆಯಾ?
ಭೇದಿಯಲ್ಲಿ ರಕ್ತ ಇದೆಯಾ?
ಕಾಯಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ.

ನನ್ನ ವೇಗದಲ್ಲಿ ಇದು ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಸುತ್ತೋಲೆಯ ವಾಕ್ಯ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಕಿವಿಗೆ ಬರೆದರೆ ಹೊತ್ತು ಜಾಸ್ತಿ ಬೇಕಾಗುತ್ತದೆ, ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ನಿಮಗೆ ಸಿಕ್ಕಿರುವುದು ಅರ್ಧ ನಿಮಿಷ ಮಾತ್ರವಾದರೆ ವಿಷಯಗಳನ್ನು ಬಿಡಿ. ನೀರಿನ ಅಳತೆ ಮತ್ತು ಆಸ್ಪತ್ರೆಯ ಮಾತು ಉಳಿಸಿಕೊಳ್ಳಿ. ಎಲ್ಲವನ್ನೂ ತುರುಕಲು ವಾಕ್ಯಗಳನ್ನು ಮತ್ತೆ ಹೆಣೆದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಒಂದು ಎಚ್ಚರಿಕೆ. ತುಂಡು ವಾಕ್ಯಗಳು ಮಾತ್ರ ಬಂದರೆ ಗದರಿಸಿದ ಹಾಗೆ ಕೇಳಿಸುತ್ತದೆ. 'ಕುದಿಸಿ. ಹಾಕಿ. ಕಲಕಿ. ಕುಡಿಸಿ.' ಗಾಬರಿಯಲ್ಲಿರುವ ತಾಯಿಗೆ ಅದು ಇನ್ನೂ ಗಾಬರಿ. ಹಾಗಾದರೆ, ಯಾಕೆಂದರೆ, ಆಮೇಲೆ, ಇನ್ನೂ ಇಂಥ ಪದಗಳನ್ನು ಅಲ್ಲಲ್ಲಿ ಹಾಕಿ. ಇವು ವಾಕ್ಯದ ಶುರುವಿನಲ್ಲೇ ಮುಂದೆ ಏನು ಬರುತ್ತದೆ ಅಂತ ಸುಳಿವು ಕೊಡುತ್ತವೆ. ಮೂರು ಚಿಕ್ಕ ವಾಕ್ಯ ಆದ ಮೇಲೆ ಸ್ವಲ್ಪ ಉದ್ದದ್ದು ಒಂದು ಬಂದರೆ ಉಸಿರಿಗೂ ಹಿತ.

ಇನ್ನೊಂದು ತಪ್ಪು ತಿಳಿವಳಿಕೆ: ಕಿವಿಗೆ ಬರೆಯುವುದು ಅಂದರೆ ಪೂರ್ತಿ ಆಡುಮಾತಿನಲ್ಲಿ ಬರೆಯುವುದು ಅಂತ. ಹಾಗೇನಿಲ್ಲ. ಮೇಲಿನ ಮಾತಿನಲ್ಲಿ 'ಹೋಗುತ್ತದೆ', 'ಸಿಗುತ್ತದೆ' ಹಾಗೇ ಇವೆ. ಒಂದು ಊರಿನ ಆಡುಮಾತು ಇನ್ನೊಂದು ಊರಿಗೆ ತೊಡಕಾಗಬಹುದು. ಬದಲಾಗಬೇಕಾದದ್ದು ವಾಕ್ಯದ ಕಟ್ಟಡ.

7. ಓದಿ ಕೇಳಿಸಿ, ಅವರ ಬಾಯಲ್ಲಿ ಮತ್ತೆ ಕೇಳಿ

ಆಗಲೇ ಹೇಳಿದ ಆ ಒಬ್ಬ ಮನುಷ್ಯ ಈಗ ಬೇಕು. ಮೊಬೈಲಿನಲ್ಲಿ ಮುದ್ರಿಸಿ, ಅವರು ಬೇರೆ ಕೆಲಸ ಮಾಡುತ್ತಿರುವಾಗ ಕೇಳಿಸಿ. ಹಾಳೆ ಕೊಡಬೇಡಿ. ಒಂದೇ ಸಲ ಕೇಳಿಸಿ. ಆಮೇಲೆ 'ಅರ್ಥ ಆಯ್ತಾ?' ಅಂತ ಕೇಳಬೇಡಿ, ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ. 'ನಿಮ್ಮ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಬೇಕು ಅಂದುಕೊಳ್ಳಿ, ಹೇಗೆ ಹೇಳ್ತೀರಿ?' ಅಂತ ಕೇಳಿ. ಅವರು ತಪ್ಪು ಹೇಳಿದರೆ ತಿದ್ದಲು ಹೋಗಬೇಡಿ. ಸುಮ್ಮನೆ ಬರೆದುಕೊಳ್ಳಿ.

ಮೇಲಿನ ಮಾತನ್ನು ನಾನು ಪಕ್ಕದ ಮನೆಯ ಅಮ್ಮನಿಗೆ ಕೇಳಿಸಿದೆ. ಅವರು ಸೊಪ್ಪು ಬಿಡಿಸುತ್ತಾ ಕೇಳಿದರು. ಕುದಿಸುವುದು, ತಣ್ಣಗೆ ಮಾಡುವುದು, ಹಾಲು ಬೇಡ, ಜ್ಯೂಸ್ ಬೇಡ, ಎಲ್ಲ ಸರಿಯಾಗಿ ಹೇಳಿದರು. ಒಂದು ಕಡೆ ಮಾತ್ರ, 'ಒಂದು ಲೋಟ ನೀರಿಗೆ ಸ್ವಲ್ಪ ಪುಡಿ ಹಾಕಿ, ಮಿಕ್ಕಿದ್ದು ಡಬ್ಬಿಯಲ್ಲಿ ಎತ್ತಿಟ್ಟರಾಯ್ತು' ಅಂದರು. ಅವರ ತಪ್ಪಲ್ಲ. ನಾನು ನೀರಿನ ಅಳತೆಯನ್ನು ಮೂರು ಸಲ ಹೇಳಿದ್ದೆ, ಪುಡಿಯ ಅಳತೆಯನ್ನು ಒಂದು ಸಲವೂ ಹೇಳಿರಲಿಲ್ಲ. ಮೂಲ ವಾಕ್ಯದಲ್ಲಿ 'ಪೊಟ್ಟಣವನ್ನು' ಅಂತ ಇತ್ತು, ಅದರಲ್ಲಿ 'ಪೂರ್ತಿ' ಅನ್ನುವ ಅರ್ಥ ಅಡಗಿತ್ತು. ನಾನು 'ಪುಡಿ' ಮಾಡಿದಾಗ ಅದು ಬಿದ್ದುಹೋಯಿತು.

ಇನ್ನೊಂದನ್ನೂ ಆಗಲೇ ನೋಡಿದೆ. ಒಂದು ಲೀಟರಿನ ಪ್ಯಾಕೆಟ್ ಜೊತೆಗೆ 200 ಮಿಲಿ ಲೀಟರಿನ ಚಿಕ್ಕ ಪ್ಯಾಕೆಟ್ಟೂ ಅಂಗಡಿಯಲ್ಲಿ ಸಿಗುತ್ತದೆ. ಚಿಕ್ಕದನ್ನು ಒಂದು ಲೀಟರಿಗೆ ಹಾಕಿದರೆ ತುಂಬಾ ತೆಳುವಾಗುತ್ತದೆ. ಹಾಗಾಗಿ 'ತಣ್ಣಗಾದ ನೀರಿಗೆ ಪುಡಿ ಹಾಕಿ' ಅನ್ನುವ ಸಾಲನ್ನೂ ಅದರ ಮುಂದಿನ ನೀರಿನ ಅಳತೆಯ ಎರಡು ಸಾಲನ್ನೂ ತೆಗೆದು, ಆ ಜಾಗದಲ್ಲಿ ಇದನ್ನು ಹಾಕಿದೆ:

ಈಗ ಪುಡಿಯ ಪ್ಯಾಕೆಟ್ ನೋಡಿ.
ಒಂದು ಲೀಟರ್ ಅಂತ ಬರೆದಿದೆಯಾ? ಇದ್ದರೆ ಸರಿ.
ಚಿಕ್ಕ ಪ್ಯಾಕೆಟ್ಟಾ? ಅದಕ್ಕೆ ಒಂದು ಲೀಟರ್ ಬೇಡ.
ಚಿಕ್ಕ ಪ್ಯಾಕೆಟ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ನೀರು.
ಈಗ ಪ್ಯಾಕೆಟ್ ಒಡೆಯಿರಿ.
ಒಡೆದ ಪ್ಯಾಕೆಟ್ಟನ್ನು ಪೂರ್ತಿ ಸುರಿಯಿರಿ.
ಅರ್ಧ ಬೇಡ. ಚಮಚದ ಲೆಕ್ಕ ಬೇಡ. ಪೂರ್ತಿ.

ಮರುದಿನ ಅದೇ ಅಮ್ಮನಿಗೆ ಕೇಳಿಸಲು ಆಗುತ್ತಿರಲಿಲ್ಲ, ಅವರಿಗೆ ಆಗಲೇ ಗೊತ್ತಿತ್ತು. ಇನ್ನೊಂದು ಮನೆಯವರನ್ನು ಹುಡುಕಿಕೊಂಡು ಹೋದೆ. ನೀವೂ ಪ್ರತಿ ಸಲ ತಿದ್ದಿದ ಮೇಲೆ ಹೊಸ ಕಿವಿಯನ್ನೇ ಹುಡುಕಿ.